ಕಾರ್ತಿಕದ ಒಂದು ಹಣತೆ

ದೀಪಾವಳಿಯ ಅಮಾವಾಸ್ಯೆ ಕಳೆದ ಮಾರನೆಯ ದಿನ, ಬಲಿಪಾಡ್ಯದಿಂದ, ನಮ್ಮ ಅಗಲ್ಪಾಡಿಯ ಕಡೆ ತುಳಸಿಕಟ್ಟೆಯಲ್ಲಿ ದೀಪ ಇಡುವ ತಿಂಗಳು ಶುರುವಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಉತ್ಥಾನ ದ್ವಾದಶಿಯವರೆಗೆ ತುಳಸಿ ಪೂಜೆ. ಆ ದಿನ ನೆಲ್ಲಿಯ ಗೆಲ್ಲನ್ನು ತುಳಸಿಯ ಜೊತೆ ನೆಟ್ಟು ಮದುವೆ ಮಾಡುವುದು. ಕೆಲವರು ಅಲ್ಲಿಗೆ ನಿಲ್ಲಿಸುತ್ತಾರೆ, ಕೆಲವರು ಮುಂದಿನ ಅಮಾವಾಸ್ಯೆಯವರೆಗೂ ದೀಪ ಇಡುತ್ತಾರೆ. 2025ರಲ್ಲಿ ಅದು ಅಕ್ಟೋಬರ್ 22ರಿಂದ ನವೆಂಬರ್ 20ರವರೆಗೆ ಬಂತು. ಉತ್ತರ ಭಾರತದವರು ತಿಂಗಳನ್ನು ಹುಣ್ಣಿಮೆಯಿಂದ ಹುಣ್ಣಿಮೆಗೆ ಎಣಿಸುವುದರಿಂದ ಅವರ ಕಾರ್ತಿಕ ನಮಗಿಂತ ಹದಿನೈದು ದಿನ ಮೊದಲೇ ಬರುತ್ತದೆ.

ಆ ವರ್ಷ ತೆಂಗಿನೆಣ್ಣೆಯ ಬೆಲೆ ಲೀಟರಿಗೆ 400 ರೂಪಾಯಿ ದಾಟಿತ್ತು. ಪಕ್ಕದ ಮನೆಯ ದೊಡ್ಡಮ್ಮ ಒಬ್ಬರೇ ಇರುವುದು, ಮಕ್ಕಳು ಬೆಂಗಳೂರಿನಲ್ಲಿ. ನಾಲ್ಕನೆಯ ದಿನ ಅವರು, "ಈ ಸಲ ದೀಪ ನಿಲ್ಲಿಸ್ತೇನೆ ಮಗಳೇ. ಎಣ್ಣೆಗೆ ದುಡ್ಡು, ಮೇಲೆ ದಿನಾ ಅರ್ಧದಲ್ಲಿ ನಂದಿ ಹೋಗ್ತದೆ. ಇದು ಒಳ್ಳೆಯದಕ್ಕಲ್ಲ" ಎಂದರು. ದುಡ್ಡಿಗಿಂತ ಆ ಕೊನೆಯ ಮಾತೇ ಅವರನ್ನು ಹೆದರಿಸಿತ್ತು. ಮಕ್ಕಳಿಗೆ ಏನಾದರೂ ಆದೀತೋ ಎಂದು ಎರಡು ರಾತ್ರಿ ನಿದ್ರೆ ಮಾಡಿರಲಿಲ್ಲ.

ಆ ಸಂಜೆ ನಾನು ಹೋಗಿ ನೋಡಿದೆ. ದೀಪ ಹಚ್ಚಿದ ಕೂಡಲೇ ಚಟಪಟ ಸದ್ದು. ಎಣ್ಣೆಯಲ್ಲಿ ಅಥವಾ ಬತ್ತಿಯಲ್ಲಿ ನೀರು ಇದ್ದರೆ ಮಾತ್ರ ಹಾಗೆ ಸಿಡಿಯುವುದು. ತುಲಾ ತಿಂಗಳ ಮಳೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ ಬರುತ್ತದೆ. ಅವರ ಹಣತೆ ಹಗಲೆಲ್ಲ ಕಟ್ಟೆಯ ಮೇಲೆಯೇ ಇತ್ತು, ಬತ್ತಿಯ ಡಬ್ಬಿ ಜಗಲಿಯ ತಂಪಿನಲ್ಲಿತ್ತು. ಬತ್ತಿಯೂ ಒಂದೇ ಎಳೆಯದ್ದು, ತೀರಾ ಸಪೂರ. ಸಣ್ಣ ಗಾಳಿಗೂ ನಿಲ್ಲುತ್ತಿರಲಿಲ್ಲ.

ಮರುದಿನದಿಂದ ಕ್ರಮ ಹೀಗೆ. ಬೆಳಿಗ್ಗೆ ಹಣತೆಯನ್ನು ಒಳಗೆ ತಂದು ಹಳೆಯ ಬಟ್ಟೆಯಿಂದ ಒರೆಸಿಡುವುದು, ಬತ್ತಿಗಳನ್ನು ಬಿಸಿಲು ಬಂದಾಗ ಒಣಗಿಸುವುದು. ಸಂಜೆ ಕೈಕಾಲು ತೊಳೆದು, ಕಟ್ಟೆ ಗುಡಿಸಿ, ಎರಡು ಎಳೆ ಸೇರಿಸಿ ಹೊಸೆದ ಬತ್ತಿಯನ್ನು ಎಣ್ಣೆಯಲ್ಲಿ ಪೂರ್ತಿ ನೆನೆಸಿ, ತುದಿಯನ್ನು ಒಂದು ಗೋಧಿ ಕಾಳಿನಷ್ಟು ಮಾತ್ರ ಹೊರಗೆ ಬಿಡುವುದು. ಹೆಚ್ಚು ಹೊರಗಿದ್ದರೆ ಹೊಗೆ ಬಂದು ಗೋಡೆ ಕಪ್ಪಾಗುತ್ತದೆ. ಆಗ ಬತ್ತಿಯನ್ನು ಹಿಂದಕ್ಕೆ ಎಳೆದರೆ ಸಾಕು. ಉರಿ ತಾನಾಗಿ ಕುಗ್ಗಿದರೆ ತುದಿಯ ಕರಿ ತೆಗೆಯಬೇಕು. ಹಣತೆಯನ್ನು ಕಟ್ಟೆಯ ಗೂಡಿನೊಳಗೆ ಇಟ್ಟೆವು. ನಂತರ ತುಳಸಿಗೆ ಸುತ್ತು ಬಂದು ಕೈಮುಗಿದರೆ ಆಯಿತು.

ಎಣ್ಣೆಯನ್ನೂ ಅಳೆದೆವು. ಎರಡು ಸಣ್ಣ ಚಮಚ, ಅಂದರೆ 10 ಮಿಲಿಲೀಟರ್ ಹಾಕಿದರೆ ಸುಮಾರು ಎರಡು ಗಂಟೆ ಉರಿಯಿತು. ಮೂವತ್ತು ದಿನಕ್ಕೆ 300 ಮಿಲಿಲೀಟರ್. ಇಡೀ ತಿಂಗಳಿಗೆ ಲೀಟರಿನ ಮೂರನೇ ಒಂದು ಪಾಲೂ ಬೇಡ. ಹೊಸ ಮಣ್ಣಿನ ಹಣತೆಯಾದರೆ ಮೊದಲ ಎರಡು ದಿನ ತಾನೇ ಸ್ವಲ್ಪ ಕುಡಿಯುತ್ತದೆ, ಅಷ್ಟೇ.

ಒಂದು ಜಾಗ್ರತೆ ಮಾತ್ರ ಮರೆಯಬಾರದು. ಎಣ್ಣೆ ಬತ್ತಿಯ ವಾಸನೆಗೆ ಇಲಿ ಬರುತ್ತದೆ, ಉರಿಯುವ ಬತ್ತಿಯನ್ನೂ ಎಳೆದುಕೊಂಡು ಹೋಗುತ್ತದೆ. ಬೈಹುಲ್ಲು, ಒಣಗಿದ ಸೋಗೆ, ಅಡಿಕೆ ಸಿಪ್ಪೆಯ ರಾಶಿ ಹತ್ತಿರ ದೀಪ ಬೇಡ. ಮಲಗುವ ಮೊದಲು ಬತ್ತಿಯನ್ನು ಎಣ್ಣೆಗೆ ಎಳೆದು ಶಾಂತ ಮಾಡಬೇಕು. ಬಾಯಿಯಿಂದ ಊದುವ ಕ್ರಮ ಇಲ್ಲ. ನಂದಿಸು ಎನ್ನಲೂ ಮನಸ್ಸು ಬಾರದೆ 'ದೀಪ ದೊಡ್ಡದು ಮಾಡು' ಎನ್ನುವವರಿದ್ದಾರೆ.

ಈ ತಿಂಗಳೇ ಯಾಕೆ? ಆಷಾಢದ ಏಕಾದಶಿಗೆ ಮಲಗಿದ ವಿಷ್ಣು ಕಾರ್ತಿಕದಲ್ಲಿ ಏಳುತ್ತಾನೆ, ಏಳುವವನಿಗೆ ಬೆಳಕು ಎಂದು ಹಿರಿಯರು ಹೇಳುತ್ತಾರೆ. ಇನ್ನೊಂದು ನಮ್ಮ ಅಂಗಳದಲ್ಲೇ ಕಾಣುವ ಸಂಗತಿ. ಜುಲೈ ಮೊದಲಿಗೆ ಇಲ್ಲಿ ಸೂರ್ಯ ಮುಳುಗುವಾಗ ಏಳು ಗಂಟೆಗೆ ಸ್ವಲ್ಪವೇ ಬಾಕಿ. ನವೆಂಬರ್ ನಡುವಿಗೆ ಆರು ಗಂಟೆಯ ಹೊತ್ತಿಗೇ ಮುಳುಗುತ್ತಾನೆ. ಅತಿ ದೀರ್ಘ ರಾತ್ರಿ ಡಿಸೆಂಬರಿನಲ್ಲಿ ಬಂದರೂ, ವರ್ಷದಲ್ಲಿ ಎಲ್ಲಕ್ಕಿಂತ ಬೇಗ ಸಂಜೆಯಾಗುವುದು ನಮ್ಮ ಕಡೆ ಈ ದಿನಗಳಲ್ಲೇ. ತೋಟದಿಂದ ಬರುವವರಿಗೆ, ಶಾಲೆ ಬಿಟ್ಟು ದೂರದಿಂದ ನಡೆದು ಬರುವ ಮಕ್ಕಳಿಗೆ ಕತ್ತಲೆ ಮೊದಲೇ ಎದುರಾಗುತ್ತಿದ್ದ ಕಾಲದಲ್ಲಿ ಅಂಗಳದ ಒಂದು ದೀಪ ಮನೆಯ ಗುರುತಾಗಿತ್ತು.

ದೊಡ್ಡಮ್ಮನ ದೀಪ ಅಮಾವಾಸ್ಯೆಯವರೆಗೆ ನಿಂತಿತು. ನಮ್ಮ ಜಗಲಿಯಿಂದ ಅದು ಕಾಣುತ್ತದೆ. ಆರೂವರೆಗೆ ಬೆಳಕು ಕಂಡರೆ ಅವರು ಸುಖವಾಗಿದ್ದಾರೆ ಎಂದು ನಮಗೆ ಗೊತ್ತಾಗುತ್ತದೆ. ಕಾಣದಿದ್ದರೆ ಯಾರಾದರೊಬ್ಬರು ಎದ್ದು ಹೋಗಿ ನೋಡಿ ಬರುತ್ತೇವೆ.