ಒತ್ತಕ್ಷರದ ಓಣಿ

ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಪೈಥಾನ್ ಟ್ಯಾಗಿನ ಸುಲಭ ಪ್ರಶ್ನೆಗೆ ಉತ್ತರ ಬರೆಯೋದು ಅಂದ್ರೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ ಹಾಗೆ. ನೀವು ಎರಡನೇ ಸಾಲು ಟೈಪ್ ಮಾಡೋಷ್ಟರಲ್ಲಿ ನಾಲ್ಕು ಜನ ಸೀಟು ಹಿಡಿದಿರ್ತಾರೆ. ಹಾಗಾಗಿ ಕೆಲಸ ಬದಲಿಸುವ ಯೋಚನೆಯಲ್ಲಿದ್ದ ನಾನು ಜನ ಕಡಿಮೆ ಓಡಾಡುವ ಓಣಿಯೊಂದನ್ನು ಆರಿಸಿಕೊಂಡೆ: ಪಿಡಿಎಫ್‌ನಲ್ಲಿ ಭಾರತೀಯ ಲಿಪಿಗಳು ಒಡೆದುಹೋಗುವ ಸಮಸ್ಯೆ.

ಒಂದು ಪ್ರಶ್ನೆ ನೋಡಿ. ಒಬ್ಬರು fpdf2 ಬಳಸಿ ಕನ್ನಡದಲ್ಲಿ ಬಿಲ್ ಮಾಡ್ತಿದ್ರು. ‘ಕನ್ನಡ’ ಅಂತ ಬರೆದ್ರೆ ಒತ್ತು ಕೆಳಗೆ ಇಳಿಯದೆ ‘ಕನ್‌ನಡ’ ಅಂತ ಬರ್ತಿತ್ತು. “ಫಾಂಟ್ ಬದಲಿಸಿ” ಅಂತ ಯಾರೋ ಆಗಲೇ ಹೇಳಿದ್ರು. ನಾನು ಕೇಳಿದ್ದು ಒಂದೇ: ಅದೇ ಫಾಂಟ್ ಫೈಲನ್ನು ಬ್ರೌಸರ್‌ನಲ್ಲಿ ಬಳಸಿದ್ರೆ ಹೇಗೆ ಕಾಣುತ್ತೆ? ಸರಿಯಾಗೇ ಕಾಣ್ತಿತ್ತು. ಅಂದ್ರೆ ತಪ್ಪು ಫಾಂಟಿನದಲ್ಲ.

ಕಂಪ್ಯೂಟರಿಗೆ ‘ನ್ನ’ ಒಂದು ಅಕ್ಷರವಲ್ಲ. ನ, ಹಲಂತ ಚಿಹ್ನೆ, ಮತ್ತೆ ನ, ಹೀಗೆ ಮೂರು ಸಂಕೇತ. ಒತ್ತಿನ ಆಕಾರ ಫಾಂಟಿನೊಳಗೆ ಇರುತ್ತೆ, ಆದ್ರೆ ಅದನ್ನು ಆರಿಸಿ ಸರಿಯಾದ ಜಾಗದಲ್ಲಿ ಕೂರಿಸೋಕೆ ಯಾರಾದ್ರೂ ಬೇಕು. ಆ ಕೆಲಸಕ್ಕೆ ಶೇಪಿಂಗ್ ಅಂತಾರೆ. ಬ್ರೌಸರ್ ತಾನಾಗೇ ಮಾಡುತ್ತೆ, fpdf2ಗೆ ಹೇಳಬೇಕು. ಮೊದಲು uharfbuzz ಇನ್‌ಸ್ಟಾಲ್ ಮಾಡಿ, ಆಮೇಲೆ ಒಂದು ಸಾಲು:

```
pdf.set_text_shaping(True)
```

ಉತ್ತರದಲ್ಲಿ ಈ ಸಾಲಿನ ಜೊತೆ ಕಾರಣವನ್ನೂ, ಪರೀಕ್ಷೆಗೊಂದು ಪದವನ್ನೂ ಬರೆದೆ: ‘ಸೂರ್ಯ’. ಅರ್ಕಾವೊತ್ತು ‘ಯ’ ಆದಮೇಲೆ ಬಂದ್ರೆ ಶೇಪಿಂಗ್ ನಡೀತಿದೆ ಅಂತ ಅರ್ಥ.

ಕೇಳಿದವರು ಉತ್ತರವನ್ನು ಒಪ್ಪಿಕೊಂಡ್ರು, 15 ಅಂಕ ಬಂತು. ಆಮೇಲೆ ವಾರಗಟ್ಟಲೆ ಸದ್ದಿಲ್ಲ. ಪೈಥಾನ್ ಟ್ಯಾಗಿನಲ್ಲಿ ವೋಟು ಬರೋದಿದ್ರೆ ಹೆಚ್ಚಾಗಿ ಅವತ್ತೇ ಬರುತ್ತೆ. ಇಲ್ಲಿ ಹಾಗಲ್ಲ, ತೆಲುಗಿನವರು, ಮಲಯಾಳದವರು ಅದೇ ತೊಂದರೆ ಹುಡುಕಿಕೊಂಡು ಯಾವಾಗಲೋ ಬರ್ತಾರೆ, ಒಂದೊಂದು ವೋಟಿಗೆ 10 ಅಂಕ ಬಿಟ್ಟು ಹೋಗ್ತಾರೆ.

ಈ ಓಣಿಗೆ ಮಿತಿಯೂ ಇದೆ. ಒಂದು ಟ್ಯಾಗಿನ ಕಂಚಿನ ಬ್ಯಾಡ್ಜ್ ಸಿಗಬೇಕಾದ್ರೆ ಅದರಲ್ಲಿ ಕನಿಷ್ಠ 20 ಉತ್ತರ, ಒಟ್ಟು 100 ವೋಟು ಬೇಕು. ಚಿಕ್ಕ ಟ್ಯಾಗಿನಲ್ಲಿ ಉತ್ತರಿಸೋಕೆ ಅಷ್ಟು ಒಳ್ಳೆ ಪ್ರಶ್ನೆಗಳೇ ಇರಲ್ಲ. ಅದಕ್ಕೇ ನಾನು ಪಕ್ಕದ unicode ಟ್ಯಾಗನ್ನೂ ಓದ್ತಿರ್ತೀನಿ. ಅದೇ ಪ್ರಶ್ನೆ ಮತ್ತೆ ಬಂದ್ರೆ ಹೊಸ ಉತ್ತರ ಬರೆಯಲ್ಲ, ನಕಲು ಅಂತ ಗುರುತಿಸಿ ಹಳೇದಕ್ಕೆ ದಾರಿ ತೋರಿಸ್ತೀನಿ. ಆ ಹೊತ್ತಿಗೆ ಅಂಕ ಇಲ್ಲ, ಆದ್ರೆ ಹುಡುಕುವವರೆಲ್ಲ ಒಂದೇ ಪುಟಕ್ಕೆ ಬರ್ತಾರೆ.

ಆಮೇಲೊಂದು ಸಂದರ್ಶನದಲ್ಲಿ ಎದುರಿಗಿದ್ದವರು ನನ್ನ ಒಟ್ಟು ಅಂಕ ಕೇಳಲೇ ಇಲ್ಲ. ಈ ಪುಟ ತೆರೆದಿಟ್ಟು, “ಫಾಂಟ್ ಬದಲಿಸೋ ಮೊದಲು ಬ್ರೌಸರ್‌ನಲ್ಲಿ ಯಾಕೆ ನೋಡೋಕೆ ಹೇಳಿದ್ರಿ?” ಅಂದ್ರು. ಅರ್ಧ ಗಂಟೆ ಒತ್ತಕ್ಷರದ ಬಗ್ಗೆಯೇ ಮಾತಾಡಿದ್ವಿ. ಕೆಲಸ ಸಿಕ್ತು.