ಕಥೆಯಲ್ಲಿ ಆಡುಮಾತು

ಧಾರವಾಡ ಸೀಮೆಯ ಕಥೆಯೊಂದನ್ನು ಮೈಸೂರಿನ ವಾಚಕರಿಗಾಗಿ ತಿದ್ದುವ ಕಾರ್ಯವು ನನ್ನ ಪಾಲಿಗೆ ಬಂದಿತು. ಅದರಲ್ಲಿ ಬಡ ಹುಡುಗಿಯೊಬ್ಬಳು, “ಯವ್ವಾ, ಮನ್ಯಾಗ ಜ್ವಾಳಿಲ್ಲ; ನಾ ಪ್ಯಾಟಿಗಿ ಹೋಗಿ ಬರ್ತೇನಿ” ಎನ್ನುತ್ತಾಳೆ. ಉಚ್ಚಾರವನ್ನೆಲ್ಲ ಇದ್ದಂತೆಯೇ ಬರೆದರೆ, ಹೊರಸೀಮೆಯವರು ಹೆಜ್ಜೆಹೆಜ್ಜೆಗೂ ತಡೆದು, ಅವಳ ಹಸಿವನ್ನು ಮರೆತು ಮಾತಿಗೆ ನಗುವರು. “ಅಮ್ಮಾ, ಮನೆಯಲ್ಲಿ” ಎಂದು ಗ್ರಂಥಭಾಷೆಗೆ ತಿರುಗಿಸಿದರೋ, ಆಡುವವಳು ಅವಳಲ್ಲ, ಪಾಠಪುಸ್ತಕ.

ಆದುದರಿಂದ ಕಣ್ಣು ಎಡವುವ ಎರಡೆಡೆಗಳನ್ನು ಮಾತ್ರ ತಿದ್ದಿದೆನು: “ಯವ್ವಾ, ಮನ್ಯಾಗ ಜೋಳ ಇಲ್ಲ; ನಾ ಪೇಟೆಗೆ ಹೋಗಿ ಬರ್ತೇನಿ.” ತಾಯಿಯನ್ನು ಕರೆದ ರೀತಿಯೂ, “ಮನ್ಯಾಗ”, “ಬರ್ತೇನಿ” ಎಂಬ ರೂಪಗಳೂ ಉಳಿದವು, ಸೀಮೆಯ ಸೊಗಡು ನೆಲೆಸಿರುವುದು ಇವುಗಳಲ್ಲಿಯೇ. ಒಮ್ಮೆ ಆರಿಸಿದ ರೂಪವನ್ನು ಕಥೆಯ ಕೊನೆಯವರೆಗೂ ಬದಲಿಸಲಿಲ್ಲ.

ಬಳಿಕ ಗಟ್ಟಿಯಾಗಿ ಓದಿಸಿ ನೋಡಿದೆನು. ಮೈಸೂರಿನ ಗೆಳತಿಯು ಎಲ್ಲಿಯೂ ತಡೆಯಲಿಲ್ಲ; ಧಾರವಾಡದ ಮುದುಕಿಯು, “ಹೌದವ್ವಾ, ನಮ್ಮ ಹುಡುಗೀನ ಇಕಿ” ಎಂದಳು.