ಓವನ್ ಬಾಗಿಲಿನ ಚೀಟಿ

ಆಡಿಟ್ ಹತ್ತಿರ ಬಂತೆಂದರೆ ಪ್ರಯೋಗಾಲಯದಿಂದ ಮೊದಲು ತಲೆಮರೆಸಿಕೊಳ್ಳುವುದು ವೈಟ್ನರ್ ಬಾಟಲಿ. ಅದರ ಹಿಂದೆಯೇ ಪೆನ್ಸಿಲ್‌ಗಳು, ಕಿವಿಯ ಮೇಲೆ ಸಿಕ್ಕಿಸಿಕೊಂಡವೂ ಸೇರಿದಂತೆ, ಮನೆಗೆ ಹೋಗುತ್ತವೆ. ತಪ್ಪು ಬರೆದರೆ ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ ಮತ್ತು ತಾರೀಖು ಹಾಕಬೇಕು ಎಂಬುದನ್ನು ವರ್ಷವಿಡೀ ಪಾಲಿಸುವವರೇ ನಾವು. ಆದರೂ ಆ ಬಾಟಲಿ ಎಲ್ಲಿಂದ ಬರುತ್ತದೋ, ಯಾರದೋ, ಇವತ್ತಿಗೂ ಇತ್ಯರ್ಥವಾಗಿಲ್ಲ.

ನಮ್ಮದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಬದಿಯ ಒಂದು ಸಣ್ಣ ಲ್ಯಾಬು. ನೀರು, ಹಿಟ್ಟು, ಬಿಸ್ಕತ್ತು, ಹಪ್ಪಳ ಪರೀಕ್ಷಿಸುತ್ತೇವೆ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇರುವ ಊರು ಇದು. ಇಲ್ಲಿನ ಬೇಕರಿ ಮಾಲೀಕರಿಗೂ 'ಮಾಯಿಶ್ಚರ್ ಎಷ್ಟು ಬಂತು ಸಾರ್?' ಎಂದು ಕೇಳುವಷ್ಟು ಶಾಸ್ತ್ರಜ್ಞಾನವಿದೆ. ಅವರಿಗೆ ಕೊಡುವ ವರದಿಗೆ ಎನ್‌ಎಬಿಎಲ್ ಮುದ್ರೆ ಬೇಕಾದರೆ, ಗುರುಗ್ರಾಮದಿಂದ ನೇಮಕವಾಗಿ ಬರುವ ಅಸೆಸರ್‌ಗಳು ಐಎಸ್‌ಒ/ಐಇಸಿ 17025 ಎಂಬ ಪುಸ್ತಕವನ್ನಿಟ್ಟುಕೊಂಡು ನಮ್ಮನ್ನು ಜಾಲಾಡಬೇಕು. ನಾನು ಅಲ್ಲಿ ಕ್ವಾಲಿಟಿ ಮ್ಯಾನೇಜರ್. ಎಲ್ಲರ ಕಾಗದಕ್ಕೂ ನಂಬರು ಹಾಕಿಸುವುದು, ಎಲ್ಲರ ಶಾಪವನ್ನೂ ಸ್ವೀಕರಿಸುವುದು ನನ್ನ ಕೆಲಸ.

ಆ ವರ್ಷ ಆಡಿಟ್ ದೀಪಾವಳಿಯ ಆಚೆಗೆ ಬಿದ್ದಿತ್ತು. ಅಂದರೆ ಆಯುಧಪೂಜೆ ಮುಗಿದಿತ್ತು. ಮೈಸೂರಿನಲ್ಲಿ ಆಯುಧಪೂಜೆಯ ದಿನ ಯಾವ ಯಂತ್ರವೂ ಕುಂಕುಮ ತಪ್ಪಿಸಿಕೊಳ್ಳುವ ಹಾಗಿಲ್ಲ. ಓವನ್, ಪಿಎಚ್ ಮೀಟರ್, ಮಿಲಿಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೂಗುವ ತಕ್ಕಡಿ, ಎಲ್ಲದರ ಹಣೆಗೂ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ. ಬೊಟ್ಟಿಡಲು ಸಪಾಟಾದ ಬಿಳಿ ಜಾಗ ಸಿಗುವುದು ಕ್ಯಾಲಿಬ್ರೇಶನ್ ಲೇಬಲ್ಲಿನ ಮೇಲೆಯೇ. ಹೀಗಾಗಿ ಮುಂದಿನ ಕ್ಯಾಲಿಬ್ರೇಶನ್ ಯಾವಾಗ ಎಂಬ ತಾರೀಖು ಪ್ರತಿ ವರ್ಷ ವಿಜಯದಶಮಿಯ ಹೊತ್ತಿಗೆ ದೈವಾಧೀನವಾಗುತ್ತದೆ. ನಮ್ಮ ಅಟೆಂಡರ್ ಒದ್ದೆ ಹತ್ತಿಯಿಂದ ಒಂದೊಂದೇ ತಾರೀಖನ್ನು ಗಂಧದಿಂದ ಬಿಡಿಸುತ್ತಾ, 'ದೇವ್ರೇ ತಾರೀಖು ಮುಚ್ಚವ್ನೆ ಅಂದ್ರೆ ಏನೋ ಅರ್ಥ ಇರ್ಬೇಕು ಸಾರ್' ಎನ್ನುತ್ತಿದ್ದರು.

ಆಮೇಲೆ ಚೀಟಿಗಳ ಬೇಟೆ. ಡಾಕ್ಯುಮೆಂಟ್ ಕಂಟ್ರೋಲ್ ಎಂಬುದರ ತಿರುಳು ಇಷ್ಟು: ಕೆಲಸ ಮಾಡುವವರ ಕಣ್ಣೆದುರು ಇರುವ ಪ್ರತಿ ಸೂಚನೆಗೂ ಒಂದು ನಂಬರು, ಹೊರಡಿಸಿದ ತಾರೀಖು, ಎಷ್ಟನೇ ಆವೃತ್ತಿ ಎಂಬ ಗುರುತು, ಒಪ್ಪಿದವರ ಸಹಿ ಇರಬೇಕು. ಮಾಸ್ಟರ್ ಲಿಸ್ಟಿನಲ್ಲಿ ಅದರ ಹೆಸರಿರಬೇಕು. ಹಳತಾದದ್ದಕ್ಕೆ 'ರದ್ದು' ಎಂದು ಮೊಹರು ಒತ್ತಿ ಎತ್ತಿಡಬೇಕು. ಇವು ಯಾವುವೂ ಇಲ್ಲದೆ ಗೋಡೆಗೆ ಅಂಟಿಕೊಂಡದ್ದೆಲ್ಲ ಅನಾಥ. ನಮ್ಮಲ್ಲಿ ಅನಾಥರ ಸಂಖ್ಯೆ ದೊಡ್ಡದಿತ್ತು. ದ್ರಾವಣದ ಲೆಕ್ಕ ಬರೆದ ಕಿರಾಣಿ ಅಂಗಡಿಯ ಕ್ಯಾಲೆಂಡರು, ಸಿಂಕಿನ ಮೇಲಿನ 'ಆಸಿಡ್ ನೀರಿಗೆ, ನೀರು ಆಸಿಡ್‌ಗಲ್ಲ' ಎಂಬ ಹಲಗೆ. ಎಲ್ಲಕ್ಕಿಂತ ಹಳೆಯದು ಓವನ್ನಿನ ಬಾಗಿಲ ಮೇಲಿದ್ದ ಒಂದು ಚೀಟಿ. ಸೆಲ್ಲೋಟೇಪು ಹಳದಿಯಾಗಿ, ಕಾಗದ ಕಂದಾಗಿ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ: '107 ಇಡಿ. 105 ಬರುತ್ತೆ.'

ಬರೆದವರು ನಮ್ಮ ಹಿಂದಿನ ಹಿರಿಯ ಕೆಮಿಸ್ಟ್. ನಿವೃತ್ತರಾಗಿ ಕುವೆಂಪುನಗರದ ಮನೆಯಲ್ಲಿ ಗುಲಾಬಿ ಬೆಳೆಸಿಕೊಂಡಿದ್ದರು. ತಕ್ಕಡಿಯ ಬಾಗಿಲು ತೆರೆದಾಗ ಉಸಿರು ಹಿಡಿಯುತ್ತಿದ್ದ ತಲೆಮಾರು. ಚೀಟಿಗೆ ನಂಬರಿಲ್ಲ, ತಾರೀಖಿಲ್ಲ, ಸಹಿಯಿಲ್ಲ. ಇಂಟರ್ನಲ್ ಆಡಿಟ್ ಪಟ್ಟಿಯ ಪ್ರಕಾರ ಅದೂ ಬಾಗಿಲಿನಿಂದ ಇಳಿಯಿತು. ಸ್ಪಿರಿಟ್ ಹಚ್ಚಿ ಗೋಂದಿನ ಗುರುತನ್ನೂ ಒರೆಸಿ, ಸಾಕ್ಷಿಗೆಂದು 'ಮೊದಲು', 'ನಂತರ' ಎಂದು ಮೊಬೈಲಿನಲ್ಲಿ ಎರಡು ಫೋಟೋ ತೆಗೆದು ಫೈಲಿಗೆ ಸೇರಿಸಿದೆವು. 'ನಂತರ'ದ ಫೋಟೋದಲ್ಲಿ ಓವನ್ ಬೋಳಿಸಿದ ತಲೆಯಂತೆ ಹೊಳೆಯುತ್ತಿತ್ತು.

ಅಸೆಸರ್ ಆಗಿ ಬಂದವರು ಮೃದು ಮಾತಿನ ಒಬ್ಬ ಮೇಡಂ. ಕಾಫಿ ಒಪ್ಪಿದರು, ಮೈಸೂರು ಪಾಕ್ ಬೇಡವೆಂದರು. ಅಷ್ಟಕ್ಕೇ ಅರ್ಧ ಧೈರ್ಯ ಹೋಯಿತು. ಓವನ್ ಮುಂದೆ ನಿಂತು ನಮ್ಮ ಹುಡುಗಿ ಬಿಸ್ಕತ್ತಿನ ತೇವಾಂಶ ನೋಡುವ ಕ್ರಮವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಪುಡಿ ಮಾಡಿದ ಮಾದರಿ ಸುಮಾರು ಐದು ಗ್ರಾಂ, 105 ಡಿಗ್ರಿಯಲ್ಲಿ, ಒಂದು ಡಿಗ್ರಿ ಆಚೀಚೆಗಿಂತ ಹೆಚ್ಚಿಲ್ಲದೆ, ನಾಲ್ಕು ಗಂಟೆ. ಆಮೇಲೆ ಡೆಸಿಕೇಟರಿನಲ್ಲಿ ಆರಿಸಿ ತೂಗುವುದು. ಎಷ್ಟು ತೂಕ ಇಳಿಯಿತೋ ಅಷ್ಟು ನೀರು.

'ಡಿಸ್‌ಪ್ಲೇ 105 ತೋರಿಸ್ತಿದೆ. ಒಳಗೆ ಎಷ್ಟಿದೆಯಮ್ಮ?'

'105 ಮೇಡಂ.'

'ಸರ್ಟಿಫಿಕೇಟ್ ತರ್ತೀಯಾ?'

ತಂದಳು. ಹೊಳೆಯುವ ಪ್ಲಾಸ್ಟಿಕ್ ಕವರಿನಲ್ಲಿ, ಎನ್‌ಎಬಿಎಲ್ ಮಾನ್ಯತೆ ಪಡೆದ ಬೆಂಗಳೂರಿನ ಕ್ಯಾಲಿಬ್ರೇಶನ್ ಸಂಸ್ಥೆಯ ಮುದ್ರೆ ಸಮೇತ. ಸರ್ಟಿಫಿಕೇಟಿನ ಮೊದಲ ಪುಟವನ್ನು ಎಲ್ಲರೂ ಓದುತ್ತಾರೆ, ಅಲ್ಲಿ ಮುದ್ರೆಯಿರುತ್ತದೆ. ಮೇಡಂ ಎರಡನೆಯ ಪುಟ ತಿರುವಿದರು. ಖಾಲಿ ಓವನ್ನಿನ ಮೂಲೆ ಮೂಲೆಗೂ ನಡುವಿಗೂ ಒಂಬತ್ತು ಸೆನ್ಸರ್ ಇಟ್ಟು ಅಳೆದಿದ್ದರು. ಡಿಸ್‌ಪ್ಲೇ 105.0 ಎಂದಾಗ ನಡುವಿನ ತಟ್ಟೆಯಲ್ಲಿ ಇದ್ದದ್ದು 102.8. ಅನಿಶ್ಚಿತತೆ 0.6. ಅಂದರೆ ಅಂಕಿ ನೂರಕ್ಕೆ 95ರಷ್ಟು ಭರವಸೆಯಿಂದ 102.2 ಮತ್ತು 103.4ರ ನಡುವೆ. ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ 104 ಮುಟ್ಟುವುದಿಲ್ಲ.

ಬಾಗಿಲಿನಲ್ಲಿ ಚೀಟಿ ಇದ್ದಿದ್ದರೆ ನಮ್ಮ ಹುಡುಗಿ 107 ಇಡುತ್ತಿದ್ದಳು, ಒಳಗೆ 104.8 ಬರುತ್ತಿತ್ತು, ಮೇಡಂ ಮುಂದಿನ ಯಂತ್ರಕ್ಕೆ ಹೋಗುತ್ತಿದ್ದರು. ಆಡಿಟ್‌ಗೆಂದು ಮಾಡಿದ ಸ್ವಚ್ಛತೆಯೇ ಆಡಿಟ್‌ನಲ್ಲಿ ನಮ್ಮನ್ನು ಹಿಡಿದುಕೊಟ್ಟಿತು.

ಮೇಡಂ ನಾನ್‌ಕನ್ಫಾರ್ಮಿಟಿ ಫಾರಂ ಬರೆದುಕೊಟ್ಟರು. ಅಂಥ ಫಾರಂ ಕೈಗೆ ಬಂದಾಗ ಎಲ್ಲ ಲ್ಯಾಬುಗಳೂ ಬರೆಯುವ ಉತ್ತರ ಒಂದೇ: 'ಮಾನವ ದೋಷ. ಸಿಬ್ಬಂದಿಗೆ ಮರುತರಬೇತಿ ನೀಡಲಾಗಿದೆ.' ನಮ್ಮ ಮಾಲೀಕರೂ ಅದನ್ನೇ ಬರೆದುಬಿಡಿ ಅಂದರು. ಈ ಉತ್ತರ ವಾಪಸು ಬರುವುದು ಖಚಿತ. ಓವನ್ನನ್ನು 107.2ಕ್ಕೆ ಇಟ್ಟರೆ ಇವತ್ತಿನ ಬಿಸ್ಕತ್ತು ಸರಿಯಾಗುತ್ತದೆ, ಅದು ತಿದ್ದುಪಡಿ. ಸೋರುವ ಕಡೆ ಬಕೆಟ್ ಇಟ್ಟ ಹಾಗೆ. ಹೆಂಚು ಒಡೆದದ್ದು ಎಲ್ಲಿ ಎಂದು ಹತ್ತಿ ನೋಡುವುದು ಬೇರೆ ಕೆಲಸ, ಕರೆಕ್ಟಿವ್ ಆಕ್ಷನ್ ಎನ್ನುವುದು ಅದಕ್ಕೆ.

ಹತ್ತಿ ನೋಡಿದೆವು. ಹುಡುಗಿ ಡಿಸ್‌ಪ್ಲೇ ನಂಬಿದ್ದೇಕೆ? ಎರಡನೆಯ ಪುಟ ಅವಳ ಮೇಜಿಗೆ ಬಂದೇ ಇರಲಿಲ್ಲ. ಏಕೆ? ಸರ್ಟಿಫಿಕೇಟ್ ಆಫೀಸಿಗೆ ಬಂದು, ತಾರೀಖು ಮತ್ತು ಮುದ್ರೆ ಪರಿಶೀಲನೆಯಾಗಿ, 'ಸ್ವೀಕರಿಸಿದೆ' ಎಂದು ಬರೆಸಿಕೊಂಡು ಫೈಲ್ ಸೇರುತ್ತಿತ್ತು. ಏಕೆ? ಒಳಗಿನ ಅಂಕಿಯನ್ನು ನಮಗೆ ಬೇಕಾದ ಮಿತಿಯೊಂದಿಗೆ ಯಾರು ಹೋಲಿಸಬೇಕು ಎಂದು ನಮ್ಮ ಕಾರ್ಯವಿಧಾನದಲ್ಲಿ ಒಂದು ಸಾಲೂ ಇರಲಿಲ್ಲ. ಇಷ್ಟು ವರ್ಷ ಅದು ಬಯಲಾಗಲಿಲ್ಲವೇಕೆ? ಚೀಟಿ ಇತ್ತಲ್ಲ.

ಇನ್ನೊಂದು ತೊಡಕು. ಕೆಟ್ಟ ದಿನಗಳಲ್ಲಿ ಹೊರಟ ವರದಿಗಳು ಯಾವುವು ಎಂದು ಗುರುತಿಸಬೇಕಿತ್ತು. ವರ್ಕ್‌ಶೀಟುಗಳಲ್ಲಿ ಚೀಟಿಯ ಕಾಲದಲ್ಲೂ 105, ಆಮೇಲೂ 105. ಬಟನ್ ಒತ್ತಿದ್ದು 107 ಆದರೂ ಬರೆಯುತ್ತಿದ್ದದ್ದು ಪುಸ್ತಕದ 105. ಯಾವ ದಾಖಲೆಯೂ ಬಾಯಿ ಬಿಡಲಿಲ್ಲ. ಕೊನೆಗೆ ಕೈಹಿಡಿದದ್ದು ಆ 'ನಂತರ'ದ ಫೋಟೋ. ಅದರ ತಾರೀಖಿನಿಂದ ಅಸೆಸರ್ ಬಂದ ದಿನದವರೆಗಿನ ಬಿಸ್ಕತ್ತು ಮಾದರಿಗಳಲ್ಲಿ ಎತ್ತಿಟ್ಟ ಭಾಗಗಳನ್ನು ಹೊರತೆಗೆದು, ಒಂದೊಂದನ್ನೂ ಎರಡು ಉಷ್ಣತೆಯಲ್ಲಿ ಒಣಗಿಸಿದೆವು. ಒಂದು ಮಾದರಿಗೆ 102.8ರಲ್ಲಿ 3.42 ಶೇಕಡ, ಸರಿಯಾದ 105ರಲ್ಲಿ 3.49. ನಮ್ಮ ಪರೀಕ್ಷೆಯ ಅನಿಶ್ಚಿತತೆಯೇ 0.15. ಉಳಿದವೂ ಹೀಗೇ ಅದರೊಳಗೇ ಬಂದವು, ಮಿತಿಯ ಅಂಚಿನಲ್ಲಿ ಯಾವುದೂ ಇರಲಿಲ್ಲ. ವರದಿ ಹಿಂಪಡೆಯಬೇಕಾಗಲಿಲ್ಲ. ಆದರೆ ಹಿಂಪಡೆಯಬೇಕಿಲ್ಲ ಎಂದು ಹೇಳಲು ಇಷ್ಟೆಲ್ಲ ಬಿಸ್ಕತ್ತು ಸುಡಬೇಕಾಯಿತು.

ನನಗೆ ಮಾತ್ರ ಒಂದು ಹುಳ ಕೊರೆಯುತ್ತಿತ್ತು. ಹಿರಿಯರು ಹೋದ ಮೇಲೆ ಓವನ್ನಿನ ಕಂಟ್ರೋಲರ್ ಕೆಟ್ಟು ಹೊಸದು ಹಾಕಿಸಿದ್ದೆವು. ಹಳೆಯ ಕಂಟ್ರೋಲರಿಗೆ ಬರೆದ ಚೀಟಿ ಹೊಸದಕ್ಕೂ ಹೊಂದಿದ್ದು ಹೇಗೆ? ಅವರಿಗೇ ಫೋನ್ ಮಾಡಿದೆ.

'ಅದಾ? ಸೆನ್ಸರ್ ಇರೋದು ಹೀಟರ್ ಪಕ್ಕದಲ್ಲಿ ಕಣಯ್ಯಾ. ಅದಕ್ಕೆ ಶಾಖ ಮೊದಲು ತಾಗುತ್ತೆ. ನಡು ತಟ್ಟೇಲಿ ಯಾವಾಗ್ಲೂ ಎರಡು ಕಮ್ಮಿ. ಪೆಟ್ಟಿಗೆ ಬದಲಾಯಿಸಿದ್ರೆ ಸೆನ್ಸರ್ ಜಾಗ ಬದಲಾಯ್ತದಾ? ಮೇಲಿನ ತೂತಿಂದ ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ದೆ.'

'ಯಾವ ಥರ್ಮಾಮೀಟರ್ ಸಾರ್? ಅದರ ಸರ್ಟಿಫಿಕೇಟು?'

ಅತ್ತ ದೊಡ್ಡ ನಗು. 'ಅದು ಒಡೆದೇ ಎಷ್ಟು ವರ್ಷ ಆಯ್ತು. ಬಿಡು, ಗುಲಾಬಿ ಸಸಿ ಬೇಕಿದ್ರೆ ಬಾ.'

ಟ್ರೇಸಬಿಲಿಟಿ ಎಂಬ ಸರಪಳಿ ಇಲ್ಲಿ ತುಂಡಾಗುತ್ತದೆ. ಬೆಂಗಳೂರಿನವರ ಸೆನ್ಸರನ್ನು ಅವರ ಪ್ಲಾಟಿನಂ ಥರ್ಮಾಮೀಟರಿನೊಂದಿಗೆ ಹೋಲಿಸಿರುತ್ತಾರೆ. ಅದನ್ನು ಅದಕ್ಕಿಂತ ಮೇಲಿನದರೊಂದಿಗೆ. ಹೀಗೆ ಏರುತ್ತಾ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ. ಅಲ್ಲಿ ಮಂಜು, ನೀರು, ಆವಿ ಮೂರೂ ಒಟ್ಟಿಗೆ ನಿಲ್ಲುವ 0.01 ಡಿಗ್ರಿ, ಇಂಡಿಯಂ ಲೋಹ ಹೆಪ್ಪುಗಟ್ಟುವ 156.5985 ಡಿಗ್ರಿಯಂಥ ಕದಲದ ಗುರುತುಗಳಿವೆ. ಹೆಬ್ಬಾಳದ ಬಿಸ್ಕತ್ತಿನ 105 ಅವೆರಡರ ನಡುವೆ ನೇತಾಡುತ್ತದೆ. ಪ್ರತಿ ಕೊಂಡಿಯಲ್ಲೂ ಅನಿಶ್ಚಿತತೆ ಸ್ವಲ್ಪ ಸ್ವಲ್ಪ ಸೇರುತ್ತದೆ, ಆದರೆ ಎಷ್ಟೆಂದು ಬರೆದಿರುತ್ತದೆ. ಹಿರಿಯರ 107ಕ್ಕೆ ಇದ್ದ ಕೊಂಡಿ ಅವರೊಬ್ಬರೇ. ಅವರು ಹೇಳಿದ್ದು ಸರಿಯಿತ್ತು. ಸರಿಯಿತ್ತೆಂದು ತೋರಿಸುವ ದಾರಿ ಮಾತ್ರ ಇರಲಿಲ್ಲ. ನಾನು ಮೇಡಂ ಪಕ್ಷ. ಆದರೂ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡಿಸಬೇಕೆಂಬ ಆಸೆ ಹಾಗೇ ಉಳಿಯಿತು. ಮೈಸೂರು ಪಾಕನ್ನು ಹಿರಿಯರಾದರೂ ತಿನ್ನುತ್ತಿದ್ದರು.

ಕಾರ್ಯವಿಧಾನಕ್ಕೆ ಹೊಸ ಸಾಲು ಬಂತು: ಸರ್ಟಿಫಿಕೇಟ್ ಬಂದೊಡನೆ ಆಯಾ ಯಂತ್ರ ಬಳಸುವವರೇ ಎರಡನೆಯ ಪುಟ ಓದಿ, ಕರೆಕ್ಷನ್ ಲೆಕ್ಕ ಹಾಕಿ, ಫಾರಂನಲ್ಲಿ ಬರೆದು ಸಹಿ ಮಾಡಬೇಕು. ವರ್ಕ್‌ಶೀಟಿನಲ್ಲಿ 'ಇಟ್ಟದ್ದು', 'ಒಳಗಿರುವುದು' ಎಂದು ಎರಡು ಕಾಲಂ ಆಯಿತು. ಮೇಲಿನ ತಟ್ಟೆ ಬಳಸಬಾರದೆಂದೂ ಸೇರಿಸಿದೆವು, ಅದರ ಬಲ ಮೂಲೆ ನಡುವಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿ. ಓವನ್ ಬಾಗಿಲಿಗೆ ಲ್ಯಾಮಿನೇಟ್ ಮಾಡಿದ ಲೇಬಲ್: 107.2 ಇಡಿ, ನಡು ತಟ್ಟೆ ಮಾತ್ರ, ಸರ್ಟಿಫಿಕೇಟ್ ನಂಬರು, ಆವೃತ್ತಿ 1, ಸಹಿ, ತಾರೀಖು. ಅಟೆಂಡರ್ ದೂರ ನಿಂತು ನೋಡಿ, 'ಅದೇ ಚೀಟಿ, ದಪ್ಪ ಆಗದೆ' ಎಂದರು. ಹಳೆಯದು ರದ್ದು ಮೊಹರು ಹೊಡೆಸಿಕೊಂಡು ಕರೆಕ್ಟಿವ್ ಆಕ್ಷನ್ ಫೈಲಿನಲ್ಲಿ ಅನುಬಂಧವಾಯಿತು. ಜೀವಮಾನದಲ್ಲಿ ಮೊದಲ ಸಲ ಅದಕ್ಕೂ ಒಂದು ನಂಬರು.

ಫಾರಂ ಮುಚ್ಚುವ ಮುನ್ನ ಮಾಡಿದ್ದು ಫಲಿಸಿತೇ ಎಂದು ನೋಡಬೇಕು. ಅದಕ್ಕೆ ಮುಂದಿನ ಕ್ಯಾಲಿಬ್ರೇಶನ್ ತನಕ ಕಾಯುವುದೆಂದು ಬರೆದೆವು. ಮರುವರ್ಷ ಬೆಂಗಳೂರಿನವರು ಬಂದು ಹೋದ ಕೆಲ ದಿನಕ್ಕೆ ಸರ್ಟಿಫಿಕೇಟ್ ಬಂತು. ನಾನು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ನಮ್ಮ ಹುಡುಗಿ ಫಾರಂ ತುಂಬಿ ಮೇಜಿನ ಮೇಲಿಟ್ಟಿದ್ದಳು.

'ಸಾರ್, ಈ ಸಲ 1.6 ಮಾತ್ರ ಕಮ್ಮಿ. 106.6 ಇಡ್ಬೇಕು. ಆವೃತ್ತಿ 2 ಪ್ರಿಂಟ್ ಹಾಕಿದೀನಿ, ಸಹಿ ಮಾಡಿ. ರದ್ದು ಮೊಹರು ಎಲ್ಲಿಟ್ಟಿದೀರಾ?'